ಒಣಗಿದೆ ಅಂದರೆ ಎಷ್ಟು ಒಣಗಿದೆ?

ಕೆಲವು ವರ್ಷಗಳ ಹಿಂದೆ ನಾನು ಮೂರು ಕರಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಮೂರೂ ತಾರಸಿ ಸೋರದಂತೆ ತಡೆಯುವ ಸಾಮಾನುಗಳ ಬಗ್ಗೆ. ಒಂದು ಸಿಮೆಂಟಿನ ಲೇಪ, ಇನ್ನೊಂದು ಡಾಂಬರಿನ ಹಾಳೆ, ಮತ್ತೊಂದು ಬಕೆಟ್ಟಿನಲ್ಲಿ ಬರುವ ಪಾಲಿಯುರಿಥೇನ್ ದ್ರವ. ಕೊನೆಯ ಎರಡರಲ್ಲಿ ‘ಮೇಲ್ಮೈ ಒಣಗಿರಬೇಕು’ ಎಂದು ಬರೆದೆ. ಮೊದಲನೆಯದರಲ್ಲಿ ‘ಸ್ಯಾಚುರೇಟೆಡ್ ಸರ್ಫೇಸ್ ಡ್ರೈ’ ಎಂಬ ಮಾತಿತ್ತು. ಅದನ್ನು ‘ಸಂತೃಪ್ತ ಒಣ ಮೇಲ್ಮೈ’ ಎಂದು ಮಾಡಿದೆ. ಯಾರೂ ತಕರಾರು ಮಾಡಲಿಲ್ಲ, ಹಣವೂ ಬಂತು. ಆ ಕಾಗದವನ್ನು ಓದಿ ಯಾರಾದರೂ ನಿಜವಾಗಿ ಕೆಲಸ ಮಾಡಿದ್ದರೆ ಅವರ ಕ್ಷಮೆ ಕೇಳಬೇಕು. ನಾನು ಏನು ಬರೆದಿದ್ದೆ ಎಂಬುದು ನನಗೆ ತಿಳಿದದ್ದು ನನ್ನ ತಲೆಯ ಮೇಲಿನ ಸ್ಲ್ಯಾಬ್ ಸೋರತೊಡಗಿದಾಗ.

ನಾವಿರುವುದು ಪುಣೆಯ ದಕ್ಷಿಣದ ಅಂಚಿನ ಕಾತ್ರಜದಲ್ಲಿ. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ ಇಲ್ಲಿಯ ಕೆರೆಯ ನೀರನ್ನು ನೆಲದಡಿಯ ಕಾಲುವೆಯಲ್ಲಿ ಶನಿವಾರವಾಡೆಯವರೆಗೆ ಒಯ್ದಿದ್ದರು. ನೀರು ಮೇಲಿಂದ ಕೆಳಕ್ಕೆ ದಾರಿ ಹುಡುಕಿಕೊಳ್ಳುವ ಊರು ಇದು. ನಮ್ಮದು ತೊಂಬತ್ತರ ದಶಕದಲ್ಲಿ ಕಟ್ಟಿದ ನಾಲ್ಕು ಮಹಡಿಯ ಕಟ್ಟಡ. ಹದಿನಾರು ಮನೆ, ತಾರಸಿ ಸುಮಾರು 18 ಮೀಟರ್ ಉದ್ದ, 15 ಮೀಟರ್ ಅಗಲ. ಘಾಟಿನ ಕಡೆಯಿಂದ ಮೋಡ ಇಳಿದರೆ ಮಳೆ ಮೊದಲು ಹೊಡೆಯುವುದು ನಮ್ಮ ಮೇಲೆಯೇ.

ಎರಡು ಮಳೆಗಾಲದ ಹಿಂದೆ ಪಕ್ಕದ ಮನೆಯ ಹಿರಿಯ ದಂಪತಿಯ ಮಲಗುವ ಕೋಣೆಯಲ್ಲಿ ಸೂರಿನ ಗಿಲಾವು ಒಂದು ರಾತ್ರಿ ಕಳಚಿ ಬಿತ್ತು. ಅಜ್ಜಿ ನೀರು ಕುಡಿಯಲು ಎದ್ದಿದ್ದರಂತೆ, ಹಾಗಾಗಿ ಬಿದ್ದದ್ದು ಖಾಲಿ ದಿಂಬಿನ ಮೇಲೆ. ಗಿಲಾವು ಹೋದ ಜಾಗದಲ್ಲಿ ಕಬ್ಬಿಣದ ಸರಳು ಕಾಣುತ್ತಿತ್ತು, ಕಂದು ಬಣ್ಣಕ್ಕೆ ತಿರುಗಿ ಪದರ ಪದರವಾಗಿ ಉಬ್ಬಿತ್ತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿಂದ ದೂಡುತ್ತದೆ. ಆ ಗಿಲಾವು ಬಿದ್ದದ್ದು ನೀರಿನ ಭಾರಕ್ಕಲ್ಲ, ಆ ದೂಡುವಿಕೆಗೆ. ಅಷ್ಟು ಹೊತ್ತಿಗೆ ಸೋರಿಕೆ ಎಂಬುದು ಗೋಡೆಯ ಬಣ್ಣ ಕೆಡುವ ವಿಷಯವಾಗಿ ಉಳಿದಿರಲಿಲ್ಲ.

ಅದೇ ವರ್ಷ ಜೂನ್ ತಿಂಗಳಲ್ಲಿ ಸೊಸೈಟಿ ಒಮ್ಮೆ ಖರ್ಚು ಮಾಡಿತ್ತು. ಅತಿ ಕಡಿಮೆ ದರ ಹೇಳಿದವರು ಬಂದು, ಎರಡು ಮಳೆಗಳ ನಡುವಿನ ಬಿಡುವಿನಲ್ಲಿ ಬೂದು ಬಣ್ಣದ ಸಿಮೆಂಟ್ ಲೇಪ ಬಳಿದು, ಹತ್ತು ವರ್ಷದ ಗ್ಯಾರಂಟಿ ಪತ್ರ ಕೊಟ್ಟು ಹೋದರು. ಆಗಸ್ಟಿನಲ್ಲಿ ಮತ್ತೆ ಸೋರಿತು. ಗ್ಯಾರಂಟಿ ಪತ್ರವನ್ನು ನಾನು ಓದಿದೆ, ಅದು ನನ್ನ ಕಸುಬು ತಾನೆ. ಸ್ಲ್ಯಾಬಿನ ಬಿರುಕು, ನೀರು ನಿಲ್ಲುವ ಜಾಗ, ಪೈಪಿನ ಸುತ್ತಲಿನ ಭಾಗ, ತಾರಸಿಯ ಮೇಲಿನ ಓಡಾಟ, ಇವಿಷ್ಟಕ್ಕೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದಿತ್ತು. ತಾರಸಿ ಸೋರುವುದು ಈ ನಾಲ್ಕು ಕಡೆಯಲ್ಲೇ. ಉಳಿದ ಜಾಗಕ್ಕೆ ಗ್ಯಾರಂಟಿ ಯಾರು ಬೇಕಾದರೂ ಕೊಡಬಹುದು.

ಮುಂದಿನ ಫೆಬ್ರುವರಿಯಲ್ಲಿ ಸಭೆ ಸೇರಿತು. ಕೆಳಗಿನ ಮನೆಯವರೊಬ್ಬರು ‘ಆಮಚ್ಯಾಕಡೆ ಗಳತ್ ನಾಹೀ’, ಅಂದರೆ ನಮ್ಮಲ್ಲಿ ಸೋರುತ್ತಿಲ್ಲ, ಎಂದು ತಮ್ಮ ಪಾಲು ಕೊಡಲು ಹಿಂಜರಿದರು. ಮಹಾರಾಷ್ಟ್ರದ ಸಹಕಾರಿ ಗೃಹ ಸಂಘಗಳ ಮಾದರಿ ಉಪವಿಧಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಾರಸಿಯಿಂದ ಮಳೆನೀರು ಸೋರಿ ಮೇಲಿನ ಮನೆಯ ಸೂರು, ಗಿಲಾವು ಕೆಟ್ಟರೆ ಅದರ ದುರಸ್ತಿ ಸೊಸೈಟಿಯ ಖರ್ಚು. ಅದನ್ನು ಓದಿ ಹೇಳಿದ ಮೇಲೆ ಹಣದ ಜಗಳ ಮುಗಿಯಿತು, ಸಾಮಾನಿನ ಜಗಳ ಶುರುವಾಯಿತು. ನಮ್ಮ ಮುಂದೆ ಮೂರು ದರಪಟ್ಟಿ ಇದ್ದವು. ಸಿಮೆಂಟ್ ಲೇಪ ಚದರ ಅಡಿಗೆ 40 ರೂಪಾಯಿ, ಡಾಂಬರ್ ಹಾಳೆ 85, ಪಾಲಿಯುರಿಥೇನ್ 110. ಒಬ್ಬರು ಅಗ್ಗದ್ದೇ ಸಾಕು ಎಂದರು, ಇನ್ನೊಬ್ಬರು ತುಟ್ಟಿಯದೇ ಒಳ್ಳೆಯದು ಎಂದರು, ಮಿಕ್ಕವರು ಮಧ್ಯದ್ದಕ್ಕೆ ಕೈ ಎತ್ತಿದರು. ತಾರಸಿ ಹತ್ತಿ ನೋಡಿ ಬಂದವರು ಯಾರೂ ಇರಲಿಲ್ಲ. ನಾನೂ ನೋಡಿರಲಿಲ್ಲ.

ಈ ಲೇಖನ ಬರೆಯಲು ಕಾರಣ ಅದೇ. ದೇಶದ ಯಾವ ಊರಿನ ಅಪಾರ್ಟ್‌ಮೆಂಟಿನಲ್ಲಾದರೂ ಈ ಸಭೆ ಹೀಗೇ ನಡೆಯುತ್ತದೆ. ಮೂರು ಹೆಸರು, ಮೂರು ದರ, ಒಂದು ಮತದಾನ. ನನ್ನ ಅಭಿಪ್ರಾಯದಲ್ಲಿ ಸಾಮಾನನ್ನು ಆರಿಸುವುದು ಕೊನೆಯ ಕೆಲಸ. ಅದಕ್ಕೆ ಮೊದಲು ತಾರಸಿಗೆ ಎರಡು ಪ್ರಶ್ನೆ ಕೇಳಬೇಕು: ನಿನ್ನೊಳಗೆ ಎಷ್ಟು ನೀರಿದೆ, ನೀನು ಎಷ್ಟು ಅಲುಗಾಡುತ್ತೀಯೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಸಾಮಾನು ತಾನಾಗಿ ಆಯ್ಕೆಯಾಗುತ್ತದೆ.

*

ಮೊದಲ ಪ್ರಶ್ನೆಯನ್ನು ಕೇಳಲು ಕಲಿಸಿದವರು ಇಂಡಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿರುವ ಒಬ್ಬ ಗೌಂಡಿ. ದರಪಟ್ಟಿ ಕೊಟ್ಟವರಲ್ಲಿ ಒಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಅಳತೆಗೆಂದು ಬಂದವರು ನನ್ನ ಫೋನಿನ ಮಾತು ಕೇಳಿ ‘ಅಕ್ಕಾರ, ನಮ್ಮ ಕಡಿಯವ್ರೇನ್ರಿ?’ ಎಂದರು. ಆಮೇಲೆ ಚಿಕ್ಕ ಸುತ್ತಿಗೆ ಹಿಡಿದು ತಾರಸಿಯ ಉದ್ದಕ್ಕೂ ಬಡಿಯುತ್ತ ನಡೆದರು. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಒಡಕು ಮಡಕೆಯ ಸದ್ದು. ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದರು. ಮುಗಿಯುವ ಹೊತ್ತಿಗೆ ತಾರಸಿಯ ಮೂರನೇ ಒಂದು ಭಾಗ ಗೆರೆಯೊಳಗಿತ್ತು.

ಪುಣೆ, ಮುಂಬೈ ಕಡೆಯ ಹಳೆಯ ತಾರಸಿಯಲ್ಲಿ ಸ್ಲ್ಯಾಬಿನ ಮೇಲೆ ‘ಕೋಬಾ’ ಇರುತ್ತದೆ. ಇಟ್ಟಿಗೆ ಚೂರುಗಳನ್ನು ಒತ್ತೊತ್ತಾಗಿ ಜೋಡಿಸಿ, ಸಂದಿಗೆ ಗಾರೆ ತುಂಬಿ, ನೀರು ಹರಿಯಲು ಇಳಿಜಾರು ಕೊಟ್ಟು, ಮೇಲೆ ಸಿಮೆಂಟ್ ನುಣುಪು ಮಾಡಿ ದಾರದಿಂದ ಚೌಕ ಗೆರೆ ಹೊಡೆದಿರುತ್ತಾರೆ. ನಾಲ್ಕೈದು ಇಂಚು ದಪ್ಪ. ಹೊಸದರಲ್ಲಿ ಒಳ್ಳೆಯ ವಿಧಾನವೇ, ಬಿಸಿಲನ್ನೂ ತಡೆಯುತ್ತದೆ. ಆದರೆ ಇಪ್ಪತ್ತು ಇಪ್ಪತ್ತೈದು ಬೇಸಿಗೆ ಕಳೆದ ಮೇಲೆ ಮೇಲಿನ ನುಣುಪಿನಲ್ಲಿ ಕೂದಲೆಳೆ ಬಿರುಕು ಬೀಳುತ್ತವೆ, ಒಳಗಿನ ಇಟ್ಟಿಗೆ ಅವುಗಳ ಮೂಲಕ ನೀರು ಕುಡಿಯುತ್ತದೆ. ಕುಡಿದ ನೀರು ಸ್ಲ್ಯಾಬಿನ ಮೇಲೆ ಅಡ್ಡಾಡಿ, ತನಗೆ ಬಿರುಕು ಸಿಕ್ಕ ಕಡೆ ಕೆಳಗಿಳಿಯುತ್ತದೆ. ಆದ್ದರಿಂದ ಕೋಬಾ ಇರುವ ಕಟ್ಟಡದಲ್ಲಿ ಸೂರಿನ ಕಲೆಯ ನೇರ ಮೇಲೆ ತೂತು ಹುಡುಕುವುದು ವ್ಯರ್ಥ. ಮಳೆ ನಿಂತು ಎರಡು ದಿನವಾದ ಮೇಲೂ ನಮ್ಮಲ್ಲಿ ತೊಟ್ಟಿಕ್ಕುತ್ತಿದ್ದುದು ಇದೇ ಕಾರಣಕ್ಕೆ. ನಮ್ಮ ತಲೆಯ ಮೇಲಿದ್ದದ್ದು ಒಂದು ಒದ್ದೆ ಸ್ಪಂಜು.

ನೀರಿನ ಬಗ್ಗೆ ಕನ್ನಡಕ್ಕೆ ಬೇಕಾದಷ್ಟು ಮಾತುಗಳಿವೆ, ತಾರಸಿಯ ರೋಗ ಪತ್ತೆಗೆ ಅವು ಉಪಯೋಗಕ್ಕೆ ಬರುತ್ತವೆ. ಸೋರುವುದು ಬೇರೆ, ಜಿನುಗುವುದು ಬೇರೆ, ಪಸೆ ಕಟ್ಟುವುದು ಬೇರೆ. ಮಳೆಯ ಜೊತೆಗೇ ಸೋರಿ ಮಳೆಯ ಜೊತೆಗೇ ನಿಂತರೆ ದಾರಿ ನೇರವಾಗಿದೆ, ಬಹುಮಟ್ಟಿಗೆ ಪೈಪಿನ ಬಾಯಿಯಲ್ಲೋ ದೊಡ್ಡ ಬಿರುಕಿನಲ್ಲೋ. ಮಳೆ ನಿಂತ ಮೇಲೂ ದಿನಗಟ್ಟಲೆ ಜಿನುಗಿದರೆ ನೀರು ಎಲ್ಲೋ ಸಂಗ್ರಹವಾಗಿದೆ, ಅಂದರೆ ಕೋಬಾ ತುಂಬಿದೆ. ತೊಟ್ಟಿಕ್ಕದೆ ಗೋಡೆಯ ಮೇಲಂಚಿನಲ್ಲಿ ಮಾತ್ರ ಪಸೆ ಹಬ್ಬಿದರೆ ಪ್ಯಾರಪೆಟ್ ಗೋಡೆ ಮತ್ತು ತಾರಸಿ ಸೇರುವ ಮೂಲೆಯನ್ನು ಅನುಮಾನಿಸಬೇಕು. ಏಪ್ರಿಲ್‌ನಲ್ಲೂ ಒದ್ದೆ ಇದ್ದರೆ ಅದು ಮಳೆಯೇ ಅಲ್ಲ, ನೀರಿನ ಟ್ಯಾಂಕಿನದೋ ಪೈಪಿನದೋ ದೋಷ. ಅಂಥ ಕಡೆ ತಾರಸಿಗೆ ಏನು ಬಳಿದರೂ ಪ್ರಯೋಜನವಿಲ್ಲ. ಮರಾಠಿಯಲ್ಲೂ ‘ಗಳತಿ’ ಮತ್ತು ‘ಓಲ್’ ಎಂಬ ಭೇದವಿದೆ. ದರಪಟ್ಟಿಯಲ್ಲಿ ಮಾತ್ರ ಎಲ್ಲವೂ ‘ಲೀಕೇಜ್’.

ಗೌಂಡಿ ಇನ್ನೊಂದು ಪರೀಕ್ಷೆ ತೋರಿಸಿದರು, ಖರ್ಚೇ ಇಲ್ಲದ್ದು. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತಾರಸಿಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಒಂದು ರಾತ್ರಿ ಬಿಟ್ಟರು. ಮಾರ್ಚ್ ತಿಂಗಳ ಕೊನೆ, ನಾಲ್ಕು ತಿಂಗಳಿಂದ ಹನಿ ಮಳೆಯಿಲ್ಲ, ತಾರಸಿ ಬರಿಗಾಲಿಗೆ ಸುಡುತ್ತಿತ್ತು. ಬೆಳಿಗ್ಗೆ ಪ್ಲಾಸ್ಟಿಕ್ ಎತ್ತಿದರೆ ಅದರ ಒಳಮೈಯಲ್ಲಿ ನೀರಿನ ಹನಿ, ಕೆಳಗಿನ ಸಿಮೆಂಟ್ ಕಪ್ಪಾಗಿತ್ತು. ‘ಮ್ಯಾಲ ಒಣಗ್ಯದ್ರಿ ಅಕ್ಕಾರ, ಒಳಗ ಇನ್ನ ಹಸೀನೇ ಅದ’ ಎಂದರು. ನನ್ನ ಕರಪತ್ರದ ‘ಒಣಗಿರಬೇಕು’ ಎಂಬ ಮಾತು ಎಷ್ಟು ಪೊಳ್ಳು ಎಂಬುದು ಆಗ ತಿಳಿಯಿತು. ಮುಟ್ಟಿದರೆ ಒಣಗಿದೆ, ಒಳಗೆ ಹಸಿಯಾಗಿದೆ. ಓದುವವನು ಮುಟ್ಟಿ ನೋಡಿ ಕೆಲಸ ಶುರುಮಾಡುತ್ತಾನೆ.

*

ಈ ಹಸಿಗೆ ಮೂರು ಸಾಮಾನುಗಳೂ ಮೂರು ಬಗೆಯಲ್ಲಿ ಉತ್ತರ ಕೊಡುತ್ತವೆ.

ಸಿಮೆಂಟ್ ಲೇಪಕ್ಕೆ ಹಸಿ ಬೇಕು. ಒಂದು ಚೀಲದಲ್ಲಿ ಸಿಮೆಂಟ್ ಮತ್ತು ನುಣ್ಣನೆಯ ಮರಳಿನ ಪುಡಿ, ಒಂದು ಡಬ್ಬಿಯಲ್ಲಿ ಹಾಲಿನಂಥ ಅಕ್ರಿಲಿಕ್ ದ್ರವ, ಎರಡನ್ನೂ ಕಲಸಿ ಬ್ರಷ್‌ನಲ್ಲಿ ಬಳಿಯುತ್ತಾರೆ. ಒಣ ಕಾಂಕ್ರೀಟಿನ ಮೇಲೆ ಬಳಿದರೆ ಅದು ಲೇಪದ ನೀರನ್ನು ಹೀರಿಕೊಂಡು ಬಿಡುತ್ತದೆ, ಸಿಮೆಂಟ್ ಗಟ್ಟಿಯಾಗದೆ ಪುಡಿಯಾಗುತ್ತದೆ. ಅದಕ್ಕೇ ಮೊದಲು ನೀರು ಚಿಮುಕಿಸಬೇಕು. ‘ಸಂತೃಪ್ತ ಒಣ ಮೇಲ್ಮೈ’ ಎಂದು ನಾನು ಬರೆದದ್ದನ್ನು ಗೌಂಡಿ ಹೇಳಿದ್ದು ಹೀಗೆ: ‘ಹಸಿ ಇರಬೇಕ್ರಿ, ನೀರು ನಿಂತಿರಬಾರ್ದು.’ ಇದಕ್ಕಿಂತ ಸರಿಯಾದ ಅನುವಾದ ನನಗೆ ಗೊತ್ತಿಲ್ಲ. ಒಂದು ಕೋಟ್ ಉದ್ದಕ್ಕೆ, ಅದು ಬಿಗಿದ ಮೇಲೆ ಇನ್ನೊಂದು ಅಡ್ಡಕ್ಕೆ, ಒಟ್ಟು ಒಂದರಿಂದ ಒಂದೂವರೆ ಮಿಲಿಮೀಟರ್. ಇದು ಕಾಂಕ್ರೀಟಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಒಳಗಿನ ಆವಿಯನ್ನು ನಿಧಾನವಾಗಿ ಹೊರಬಿಡುತ್ತದೆ. ನೀರಿನ ಟ್ಯಾಂಕು, ಬಚ್ಚಲುಮನೆ, ನೆಲಮಾಳಿಗೆಗೆ ನಾನು ಇದನ್ನೇ ಆರಿಸುತ್ತೇನೆ. ಇದರ ದೌರ್ಬಲ್ಯ ಬೇರೆ ಎರಡು ಕಡೆ ಇದೆ. ಇದು ಹೆಚ್ಚು ಹಿಗ್ಗುವುದಿಲ್ಲ, ಬಿಸಿಲು ಮತ್ತು ಚಪ್ಪಲಿಗೆ ಬರಿಮೈ ಕೊಟ್ಟು ಬಹುಕಾಲ ಬಾಳುವುದಿಲ್ಲ. ಕೆಲಸದವರು ಮಾಡುವ ಮೋಸ ಅಥವಾ ತಪ್ಪೂ ಒಂದೇ: ಬಳಿಯಲು ಸುಲಭವಾಗಲೆಂದು ನೀರು ಬೆರೆಸುವುದು. ನೀರು ಬೆರೆತ ಲೇಪ ನೋಡಲು ಹಾಗೇ ಇರುತ್ತದೆ, ವಾರದ ಮೇಲೆ ಬೆರಳಿನಿಂದ ಉಜ್ಜಿದರೆ ಪುಡಿ ಬರುತ್ತದೆ. ನಮ್ಮ ಜೂನಿನ ಲೇಪದಲ್ಲಿ ಬಂದದ್ದು ಅದೇ ಪುಡಿ.

ಡಾಂಬರ್ ಹಾಳೆಗೆ ಒಣ ಬೇಕು. ಪ್ಲಾಸ್ಟಿಕ್ ಬೆರೆಸಿ ಗಟ್ಟಿ ಮಾಡಿದ ಡಾಂಬರಿನ ಮೂರು ಅಥವಾ ನಾಲ್ಕು ಮಿಲಿಮೀಟರ್ ದಪ್ಪದ ಸುರುಳಿ, ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದ. ನೆಲಕ್ಕೆ ಪ್ರೈಮರ್ ಬಳಿದು, ಗ್ಯಾಸ್ ಸಿಲಿಂಡರಿನ ಜ್ವಾಲೆಯಿಂದ ಹಾಳೆಯ ಅಡಿಮೈ ಕರಗಿಸುತ್ತ ಉರುಳಿಸಿಕೊಂಡು ಹೋಗುತ್ತಾರೆ. ಇದರ ದೊಡ್ಡ ಗುಣವೆಂದರೆ ದಪ್ಪ ಕಾರ್ಖಾನೆಯಲ್ಲೇ ಆಗಿ ಬರುತ್ತದೆ, ಕೆಲಸದವರು ತೆಳ್ಳಗೆ ಮಾಡಲಾರರು. ದೊಡ್ಡ ಅವಗುಣವೆಂದರೆ ಜೋಡಣೆ. ಪಕ್ಕದ ಹಾಳೆಯ ಮೇಲೆ ಕನಿಷ್ಠ ನಾಲ್ಕು ಇಂಚು ಏರಿಸಿ ಬೆಸೆಯಬೇಕು. ಸರಿಯಾಗಿ ಬೆಸೆದಿದ್ದರೆ ಅಂಚಿನುದ್ದಕ್ಕೂ ಕರಗಿದ ಡಾಂಬರು ಸಣ್ಣ ದಾರದ ಹಾಗೆ ಹೊರಗೆ ಇಣುಕುತ್ತದೆ. ಆ ದಾರ ತುಂಡಾದ ಕಡೆ ಜೋಡಣೆ ಅನುಮಾನದ್ದು. ಗೋಡೆಯ ಹತ್ತಿರ ಹಾಳೆಯನ್ನು ಆರೆಂಟು ಇಂಚು ಮೇಲಕ್ಕೆ ಹತ್ತಿಸಿ, ಗೋಡೆಯಲ್ಲಿ ಗೀರು ಕೊರೆದು ಅದರೊಳಗೆ ತೂರಿಸಬೇಕು. ಬರೀ ಗೋಡೆಗೆ ಅಂಟಿಸಿ ಬಿಟ್ಟರೆ ಒಂದೆರಡು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ತೆರೆದ ತಾರಸಿಯಲ್ಲಿ ಮೇಲ್ಮೈಗೆ ಕಲ್ಲಿನ ಹರಳು ಅಥವಾ ಅಲ್ಯೂಮಿನಿಯಂ ಹೊದಿಕೆ ಇರುವ ಹಾಳೆಯೇ ಬೇಕು, ಇಲ್ಲವೇ ಮೇಲೆ ಗಾರೆಯೋ ಟೈಲ್ಸೋ ಹಾಸಬೇಕು. ಬಿಸಿಲು ಬರಿ ಡಾಂಬರನ್ನು ಒಣಗಿಸಿ ಬಿರಿಯಿಸುತ್ತದೆ. ಹಾಳೆಯಡಿ ನೀರು ಒಮ್ಮೆ ಹೊಕ್ಕರೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹುಡುಕುವುದು ಕೋಬಾದಷ್ಟೇ ಕಷ್ಟ.

ಪಾಲಿಯುರಿಥೇನ್‌ಗೆ ಬೇಕಾದ್ದು ಇನ್ನೂ ಕಟ್ಟುನಿಟ್ಟಿನ ಒಣ. ಇದು ದ್ರವವಾಗಿ ಬಳಿದು ರಬ್ಬರಿನಂಥ ಪೊರೆಯಾಗುವ ಸಾಮಾನು. ಜೋಡಣೆಯೇ ಇಲ್ಲ, ಪೈಪು, ಕಂಬ, ಮೂಲೆ ಎಲ್ಲವನ್ನೂ ಸುತ್ತಿಕೊಳ್ಳುತ್ತದೆ, ಎಳೆದರೆ ತನ್ನ ಉದ್ದದ ಹಲವು ಪಟ್ಟು ಹಿಗ್ಗುತ್ತದೆ. ಆದರೆ ಪೊರೆ ಆವಿಯನ್ನು ಸುಲಭವಾಗಿ ಬಿಡುವುದಿಲ್ಲ. ಹಸಿ ಕೋಬಾದ ಮೇಲೆ ಬಳಿದರೆ ಮೊದಲ ಬೇಸಿಗೆಯಲ್ಲೇ ಒಳಗಿನ ನೀರು ಆವಿಯಾಗಿ ಪೊರೆಯನ್ನು ಹಪ್ಪಳದ ಹಾಗೆ ಉಬ್ಬಿಸುತ್ತದೆ. ಯಾರಾದರೂ ಉಬ್ಬಿನ ಮೇಲೆ ಕಾಲಿಟ್ಟರೆ ಕಥೆ ಮುಗಿಯಿತು. ಒಂದೇ ಬಾರಿಗೆ ದಪ್ಪ ಬಳಿದರೂ ಗುಳ್ಳೆ ಬರುತ್ತದೆ. ಗಾಳಿಯ ತೇವದಿಂದ ಗಟ್ಟಿಯಾಗುವ ಬಗೆಯಲ್ಲಿ ಆ ಕ್ರಿಯೆಯೇ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ, ಅದು ಹೊರಗೆ ಹೋಗಲಾರದೆ ಸಿಕ್ಕಿಕೊಳ್ಳುತ್ತದೆ. ಬಿಸಿಲಿಗೆ ಅಗ್ಗದ ಬಗೆ ಹಳದಿಯಾಗಿ ಪುಡಿಯೇಳುವುದರಿಂದ ಮೇಲೆ ಬಿಸಿಲು ತಾಳುವ ಬೇರೊಂದು ಕೋಟ್ ಹೊಡೆಯಬೇಕು. ಅದನ್ನು ಐದಾರು ವರ್ಷಕ್ಕೊಮ್ಮೆ ನೋಡಿ ಮತ್ತೆ ಹೊಡೆಯಬೇಕಾಗುತ್ತದೆ.

ಅಂದರೆ ಆ ಸಭೆಯಲ್ಲಿ ನಾವು ತುಟ್ಟಿಯದ್ದಕ್ಕೆ ಮತ ಹಾಕಿ ಮಾರ್ಚಿನಲ್ಲೇ ಬಳಿಸಿದ್ದರೆ ಮೂರು ಲಕ್ಷಕ್ಕೂ ಹೆಚ್ಚು ಖರ್ಚು ಮಾಡಿ ಹಪ್ಪಳ ಮಾಡಿಸಿದಂತಾಗುತ್ತಿತ್ತು.

*

ಇನ್ನು ಎರಡನೆಯ ಪ್ರಶ್ನೆ, ಅಲುಗಾಟ. ಕಾಂಕ್ರೀಟು ನಿಶ್ಚಲ ಎಂದು ನಾವು ನಂಬಿದ್ದೇವೆ. ಅದು ಪ್ರತಿ ಡಿಗ್ರಿ ಬಿಸಿಗೆ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ನಮ್ಮ ತಾರಸಿ 18 ಮೀಟರ್, ಅಂದರೆ 18,000 ಮಿಲಿಮೀಟರ್. ಏಪ್ರಿಲ್‌ನಲ್ಲಿ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಸ್ಲ್ಯಾಬಿನ ಬಿಸಿಯಲ್ಲಿ 25 ಡಿಗ್ರಿ ವ್ಯತ್ಯಾಸವಾದರೆ ಹಿಗ್ಗುವುದು ನಾಲ್ಕೂವರೆ ಮಿಲಿಮೀಟರ್. ಈ ಹಿಗ್ಗು ಕುಗ್ಗು ಎಲ್ಲ ಕಡೆ ಸಮವಾಗಿ ಹಂಚಿಹೋಗುವುದಿಲ್ಲ, ಈಗಾಗಲೇ ಇರುವ ನಾಲ್ಕಾರು ಬಿರುಕುಗಳು ಬಾಯಿ ತೆರೆದು ಮುಚ್ಚಿ ಅದನ್ನು ನುಂಗುತ್ತವೆ. ಒಂದೊಂದು ಬಿರುಕು ದಿನಕ್ಕೊಮ್ಮೆ ಅರ್ಧ ಮಿಲಿಮೀಟರ್ ತೆರೆದುಕೊಂಡರೂ ಅದರ ಮೇಲಿನ ಲೇಪದ ಪಾಡು ಯೋಚಿಸಿ. ಬಿರುಕಿನ ಎರಡೂ ದಡಕ್ಕೆ ಅಂಟಿಕೊಂಡಿರುವ ಪೊರೆ ಹಿಗ್ಗಬೇಕಾದ್ದು ನಡುವಿನ ಆ ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ. ಏನೂ ಇಲ್ಲದ ಅಗಲದಿಂದ ಅರ್ಧ ಮಿಲಿಮೀಟರಿಗೆ ಹಿಗ್ಗುವುದೆಂದರೆ ಎಷ್ಟು ಪಟ್ಟು? ಕರಪತ್ರದಲ್ಲಿ ಅಚ್ಚಾದ ಹಿಗ್ಗುವ ಶೇಕಡಾವಾರು ಇಲ್ಲಿ ಒಂಟಿಯಾಗಿ ಕಾಪಾಡುವುದಿಲ್ಲ. ಕಾಪಾಡುವುದು ದಪ್ಪ, ಯಾಕೆಂದರೆ ಪೊರೆ ದಪ್ಪವಿದ್ದಷ್ಟೂ ಎಳೆತ ಅಕ್ಕಪಕ್ಕಕ್ಕೆ ಹರಡುತ್ತದೆ.

ಆದ್ದರಿಂದ ಮೂರರಲ್ಲಿ ಯಾವುದನ್ನೇ ಹಾಕಲಿ, ಅಲುಗುವ ಬಿರುಕನ್ನು ಮೊದಲು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಅದನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಅಗಲ ಮಾಡಿ, ಧೂಳು ಊದಿ, ಹಿಗ್ಗುವ ಸೀಲೆಂಟ್ ತುಂಬಿ, ಮೇಲೆ ಬಲೆಯಂಥ ಬಟ್ಟೆಯ ಪಟ್ಟಿ ಹಾಸಿ, ಆಮೇಲೆ ಲೇಪ. ಇದನ್ನು ಬಿಟ್ಟು ಬರಿ ಸಿಮೆಂಟ್ ಲೇಪ ಬಳಿದರೆ ಮೊದಲ ಬೇಸಿಗೆಯಲ್ಲಿ ಬಿರುಕು ಅದೇ ಗೆರೆಯಲ್ಲಿ ಮೇಲೆ ಮೂಡುತ್ತದೆ.

ದಪ್ಪವನ್ನು ಅಳೆಯಲು ನಿಮಗೆ ಯಂತ್ರ ಬೇಕಿಲ್ಲ, ಬಕೆಟ್ ಎಣಿಸಿದರೆ ಸಾಕು. ನಮ್ಮ ತಾರಸಿ 270 ಚದರ ಮೀಟರ್. ನಾವು ನೋಡಿದ ಪಾಲಿಯುರಿಥೇನ್‌ನ ಹಾಳೆಯಲ್ಲಿ ಎರಡು ಕೋಟ್ ಸೇರಿ ಚದರ ಮೀಟರಿಗೆ ಎರಡು ಕಿಲೋ ಬೇಕೆಂದಿತ್ತು. ಅಷ್ಟು ಬಳಿದರೆ ಒಣಗಿದ ಪೊರೆ ಸುಮಾರು 1.2 ಮಿಲಿಮೀಟರ್ ಆಗುತ್ತದೆ. 270ಕ್ಕೆ 540 ಕಿಲೋ, ಅಂದರೆ 20 ಕಿಲೋದ 27 ಬಕೆಟ್. ದರಪಟ್ಟಿ ಕೊಟ್ಟವರನ್ನು ‘ಎಷ್ಟು ಬಕೆಟ್ ತರುತ್ತೀರಿ?’ ಎಂದು ಕೇಳಿದೆ. ಅವರು ಲೆಕ್ಕ ಹಾಕಿ ಹದಿನಾಲ್ಕು ಎಂದರು. ಅಂದರೆ ದಪ್ಪ 0.6 ಮಿಲಿಮೀಟರ್. ನೋಡಲು ಅಷ್ಟೇ ಬೆಳ್ಳಗೆ, ಅಷ್ಟೇ ಹೊಳಪು, ಅರ್ಧ ದಪ್ಪ. ಚದರ ಅಡಿಯ ದರದಲ್ಲಿ ಇದು ಕಾಣುವುದೇ ಇಲ್ಲ. ಕೊನೆಗೆ ಕರಾರಿನಲ್ಲಿ ‘27 ಬಕೆಟ್, ಮುಚ್ಚಳದ ಸೀಲನ್ನು ಸೊಸೈಟಿಯವರ ಮುಂದೆ ಒಡೆಯಬೇಕು, ಖಾಲಿ ಬಕೆಟ್ಟುಗಳನ್ನು ಕೊನೆಯ ಕಂತು ಪಾವತಿಯಾಗುವವರೆಗೆ ಒಯ್ಯುವಂತಿಲ್ಲ’ ಎಂಬ ಸಾಲು ಸೇರಿಸಿದೆವು. ನಾನು ಬರೆದ ಸಾಲುಗಳಲ್ಲಿ ಇಷ್ಟು ಫಲ ಕೊಟ್ಟದ್ದು ಬೇರೆ ಇಲ್ಲ.

*

ನಾವು ಮಾಡಿದ್ದು ಕೊನೆಗೆ ಯಾರ ದರಪಟ್ಟಿಯಲ್ಲೂ ಇರಲಿಲ್ಲ. ಹಳೆ ಕೋಬಾದ ಮೇಲೆ ಇನ್ನೊಂದು ಕೋಬಾ ಹಾಕಿಬಿಡೋಣ ಎಂದು ಒಬ್ಬರು ಸೂಚಿಸಿದ್ದರು, ಬಹಳ ಕಟ್ಟಡಗಳಲ್ಲಿ ಹೀಗೆ ಮಾಡಿರುತ್ತಾರೆ. ನಾಲ್ಕು ಇಂಚು ಕೋಬಾ ಎಂದರೆ ಚದರ ಮೀಟರಿಗೆ ಸುಮಾರು 180 ಕಿಲೋ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ 875 ಲೆಕ್ಕ ಹಿಡಿಯುವ ಓಡಾಟದ ಭಾರವೇ ಸುಮಾರು 150 ಕಿಲೋ. ತುಕ್ಕು ಹಿಡಿದ ಸರಳಿನ ಮೇಲೆ ಅಷ್ಟು ಭಾರವನ್ನು ಕಾಯಂ ಆಗಿ ಹೇರುವುದು ಸೋರಿಕೆಗಿಂತ ದೊಡ್ಡ ಅಪಾಯ. ಆ ಮಾತನ್ನು ಅಲ್ಲೇ ಬಿಟ್ಟೆವು.

ಏಪ್ರಿಲ್ ಮೊದಲ ವಾರ ಸೀಮೆಸುಣ್ಣದ ಗೆರೆಯೊಳಗಿನ ಪೊಳ್ಳು ಕೋಬಾವನ್ನು ಮಾತ್ರ ಒಡೆದು ತೆಗೆದೆವು. ಅಡಿಯ ಇಟ್ಟಿಗೆ ಆಗಲೂ ಕೈಗೆ ತಣ್ಣಗೆ ಹತ್ತುತ್ತಿತ್ತು. ಬರಿ ಸ್ಲ್ಯಾಬು ಕಂಡ ಕಡೆ ಬಿರುಕು ತುಂಬಿ, ಸಿಮೆಂಟ್ ಲೇಪ ಎರಡು ಕೋಟ್ ಬಳಿದೆವು. ಹಸಿ ಇರುವ, ಬಿಸಿಲು ಬೀಳದ, ಮೇಲೆ ಮುಚ್ಚಿಹೋಗುವ ಜಾಗ ಅದು. ಅಲ್ಲಿಗೆ ಅದೇ ತಕ್ಕದ್ದು. ಅದರ ಮೇಲೆ ಗಾರೆಯಿಂದ ಇಳಿಜಾರು ಸರಿಮಾಡಿ, ಪ್ಯಾರಪೆಟ್ಟಿನ ಮೂಲೆಗೆ ಉದ್ದಕ್ಕೂ ದುಂಡನೆಯ ಏಣು ಕಟ್ಟಿದರು. ಇಲ್ಲಿ ಅದನ್ನು ‘ವಾಟಾ’ ಎನ್ನುತ್ತಾರೆ. ಚೂಪು ಮೂಲೆಯಲ್ಲಿ ಯಾವ ಪೊರೆಯೂ ಸರಿಯಾಗಿ ಕೂರುವುದಿಲ್ಲ, ತೆಳುವಾಗಿ ಹರಿಯುತ್ತದೆ. ಗಾರೆಗೆ ವಾರ ಕಾಲ ನೀರುಣಿಸಿ, ಆಮೇಲೆ ಮೂರು ವಾರ ಇಡೀ ತಾರಸಿಯನ್ನು ಬಿಸಿಲಿಗೆ ಬಿಟ್ಟೆವು. ಸೊಸೈಟಿಯಲ್ಲಿ ಗೊಣಗಾಟ ಎದ್ದದ್ದು ಈ ಮೂರು ವಾರದಲ್ಲಿ. ‘ಕೆಲಸ ನಿಂತಿದೆ’ ಎಂದು ದಿನಕ್ಕೊಂದು ಸಂದೇಶ. ಕೆಲಸ ನಿಂತಿರಲಿಲ್ಲ, ಒಣಗುತ್ತಿತ್ತು. ಮೇ ತಿಂಗಳಲ್ಲಿ ಆರು ಕಡೆ ಪ್ಲಾಸ್ಟಿಕ್ ಅಂಟಿಸಿ ನೋಡಿದಾಗ ಐದು ಕಡೆ ಒಣಗಿತ್ತು. ಆರನೆಯದು ನೀರಿನ ಟ್ಯಾಂಕಿನ ಪಕ್ಕ. ಅಲ್ಲಿ ಒಂದು ವಾಲ್ವ್ ಸೋರುತ್ತಿತ್ತು, ಬದಲಾಯಿಸಿ ಮತ್ತೊಂದು ವಾರ ಕಾದೆವು. ಆಮೇಲೆ ಪ್ರೈಮರ್, ಬಿರುಕಿಗೆ ಬಟ್ಟೆಯ ಪಟ್ಟಿ, ಪಾಲಿಯುರಿಥೇನ್ ಎರಡು ಕೋಟ್, ಮೇಲೆ ಬಿಸಿಲು ತಾಳುವ ಬಿಳಿ ಕೋಟ್.

ಡಾಂಬರ್ ಹಾಳೆಯನ್ನು ಕೈಬಿಟ್ಟದ್ದು ಅದು ಕೆಟ್ಟದ್ದೆಂದಲ್ಲ. ನಮ್ಮ ತಾರಸಿಯಲ್ಲಿ ಸೋಲಾರ್ ಹೀಟರಿನ ಕಾಲು, ಡಿಶ್ ಕಂಬ, ನೀರಿನ ಪೈಪು ಸೇರಿ ನಲವತ್ತರ ಹತ್ತಿರ ಅಡ್ಡಿಗಳಿದ್ದವು. ಒಂದೊಂದರ ಸುತ್ತಲೂ ಹಾಳೆ ಕತ್ತರಿಸಿ ಬೆಸೆಯಬೇಕು, ಒಂದೊಂದೂ ಸೋರುವ ಸಾಧ್ಯತೆ. ಅಡ್ಡಿಯಿಲ್ಲದ ದೊಡ್ಡ ಸೂರು, ಅದರಲ್ಲೂ ಮೇಲೆ ಟೈಲ್ಸು ಅಥವಾ ತೋಟದ ಮಣ್ಣು ಬರುವಂಥದ್ದಾದರೆ ನಾನು ಹಾಳೆಯ ಪರವಾಗಿಯೇ ವಾದಿಸುತ್ತಿದ್ದೆ.

ಕೊನೆಯ ಕಂತು ಕೊಡುವ ಮೊದಲು ನೀರು ನಿಲ್ಲಿಸಿ ನೋಡಿದೆವು. ಮಳೆನೀರಿನ ಪೈಪುಗಳ ಬಾಯಿ ಕಟ್ಟಿ, ಒಂದೊಂದೇ ಭಾಗದಲ್ಲಿ ಒಂದೆರಡು ಇಂಚು ನೀರು ಎರಡು ದಿನ. ಭಾಗ ಮಾಡಿಯೇ ನಿಲ್ಲಿಸಬೇಕು, ಆಗ ಸೋರಿದರೆ ಯಾವ ಭಾಗ ಎಂದು ತಿಳಿಯುತ್ತದೆ, ಭಾರವೂ ಒಮ್ಮೆಗೇ ಬೀಳುವುದಿಲ್ಲ. ಮೂರು ಭಾಗ ಗೆದ್ದವು. ನಾಲ್ಕನೆಯದರಲ್ಲಿ ಮೂರು ಗಂಟೆಗೇ ಕೆಳಗೆ ತೊಟ್ಟಿಕ್ಕಿತು. ಪೈಪಿನ ಬಾಯಿ ಸ್ಲ್ಯಾಬಿಗೆ ಸೇರುವ ಕಡೆ ಪೊರೆಯನ್ನು ಪೈಪಿನ ಒಳಕ್ಕೆ ಇಳಿಸಿರಲಿಲ್ಲ, ಅಂಚಿಗೇ ನಿಲ್ಲಿಸಿದ್ದರು. ಕಿತ್ತು ಸರಿಮಾಡಲು ಅರ್ಧ ದಿನ ಹಿಡಿಯಿತು. ಆ ಪರೀಕ್ಷೆ ಮಾಡದಿದ್ದರೆ ಜುಲೈನಲ್ಲಿ ಎಲ್ಲರೂ ‘ಪಾಲಿಯುರಿಥೇನ್ ಕೆಲಸ ಮಾಡಲಿಲ್ಲ’ ಎನ್ನುತ್ತಿದ್ದರು.

ಒಟ್ಟು ಖರ್ಚು ನಾಲ್ಕೂವರೆ ಲಕ್ಷ, ಮನೆಗೆ ಇಪ್ಪತ್ತೆಂಟು ಸಾವಿರ. ಪಕ್ಕದ ಅಜ್ಜಿಯ ಸೂರಿನ ಸರಳು ಉಜ್ಜಿ, ಗಿಲಾವು ಹೊಸದಾಗಿ ಮಾಡಿಸಿದ್ದು ಇದರಲ್ಲೇ ಸೇರಿದೆ. ಒಂದು ಮಳೆಗಾಲ ಕಳೆದಿದೆ, ಸೂರು ಒಣಗಿದೆ. ಒಂದೇ ಮಳೆಗಾಲ, ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಊರಿಗೆ ಫೋನ್ ಮಾಡಿದಾಗ ಅವ್ವ ಖರ್ಚು ಕೇಳಿ ದಂಗಾದಳು. ಬಾಗಲಕೋಟೆ ಕಡೆಯ ನಮ್ಮ ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಳೆಗೆ ಮೊದಲು ಸವಳು ಮಣ್ಣು ತಂದು ಹರವುತ್ತಿದ್ದರು. ಆ ಮಣ್ಣಿನಲ್ಲಿರುವ ಉಪ್ಪಿನಿಂದ ಅದರ ಕಣಗಳು ನೀರು ಬಿದ್ದೊಡನೆ ಬಿಡಿಬಿಡಿಯಾಗಿ ಸಂದಿಗಳಿಗೆ ಇಳಿದು ಮುಚ್ಚಿಬಿಡುತ್ತವೆ. ಅದಕ್ಕೆ ಹತ್ತು ವರ್ಷದ ಗ್ಯಾರಂಟಿ ಯಾರೂ ಕೊಡುತ್ತಿರಲಿಲ್ಲ, ಒಂದು ವರ್ಷದ್ದನ್ನೂ ಕೇಳುತ್ತಿರಲಿಲ್ಲ. ‘ಈಗ ಮತ್ತ ಯಾವಾಗ ನೋಡ್ತೀರಿ?’ ಎಂದು ಅವ್ವ ಕೇಳಿದಳು. ಆ ಪ್ರಶ್ನೆಯನ್ನು ಸೊಸೈಟಿಯ ನಡಾವಳಿಯಲ್ಲಿ ಹಾಗೇ ಬರೆಸಿದ್ದೇನೆ: ಪ್ರತಿ ಮೇ ತಿಂಗಳ ಮೊದಲ ಭಾನುವಾರ ತಾರಸಿ ಗುಡಿಸಿ, ಪೈಪಿನ ಬಾಯಿ ತೆರವು ಮಾಡಿ, ಮೂಲೆ ಮೂಲೆ ಕೈಯಿಟ್ಟು ನೋಡುವುದು.

ಹಾಗೆಯೇ ಆ ಕರಪತ್ರಗಳನ್ನು ತೆಗೆದು ತಿದ್ದಿ ಕಳಿಸಿದೆ, ಈ ಸಲ ಹಣ ಕೇಳಲಿಲ್ಲ. ಸಿಮೆಂಟ್ ಲೇಪದ ಕಾಗದದಲ್ಲಿ ಈಗ ‘ಹಸಿ ಇರಬೇಕು, ನೀರು ನಿಂತಿರಬಾರದು’ ಎಂದಿದೆ. ಇನ್ನೆರಡರಲ್ಲಿ ‘ಒಣಗಿರಬೇಕು’ ಎಂಬ ಸಾಲಿನ ಮುಂದೆ ಇನ್ನೊಂದು ಸಾಲು ಸೇರಿಸಿದ್ದೇನೆ: ‘ಪ್ಲಾಸ್ಟಿಕ್ ಹಾಳೆ ಅಂಟಿಸಿ ಒಂದು ರಾತ್ರಿ ಬಿಟ್ಟು ನೋಡಿ.’